ಆರು ಎಡಿಟ್, ಒಂದೇ ಚಾಟ್: ಮುಖ ಎಲ್ಲಿ ಜಾರಿತು, ಮೂಲ ಫೋಟೋಗೆ ಯಾವಾಗ ಮರಳಬೇಕು

ಬಾಗಲಕೋಟೆ ಕಡೆಯ ಒಂದು ಸಣ್ಣ ಸೀರೆ ಅಂಗಡಿಯ ಪ್ರಕರಣ ಇದು. ಇಳಕಲ್ ಸೀರೆಯೇ ಅವರ ಮುಖ್ಯ ವ್ಯಾಪಾರ. ಸೀರೆಗಳನ್ನು ಹಾಸಿ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದರು, ಆರ್ಡರ್ ಬರುತ್ತಿತ್ತು. ಉಟ್ಟರೆ ಹೇಗೆ ಕಾಣುತ್ತೆ ಅಂತ ಗಿರಾಕಿಗಳು ಕೇಳತೊಡಗಿದಾಗ, ಅಂಗಡಿಯ ಹಿರಿಯರು ಸೊಸೆಯನ್ನು ಕೇಳಿ, ಅವರು ಒಪ್ಪಿದ ಮೇಲೆ, ಅವರದೊಂದು ಫೋಟೋ ತೆಗೆದರು. ಆ ಫೋಟೋವನ್ನು ಚಾಟ್‌ನಲ್ಲಿ ಮಾತಾಡುತ್ತಾ ಎಡಿಟ್ ಮಾಡುವ ಒಂದು ಆ್ಯಪ್‌ಗೆ ಹಾಕಿ, ಒಂದಾದ ಮೇಲೊಂದು ಆರು ಸಲ ಸೀರೆ, ಬ್ಲೌಸ್, ಸೆರಗು ಬದಲಿಸಿದರು. ಆರನೆಯದು ಬರುವ ಹೊತ್ತಿಗೆ ಚಿತ್ರದಲ್ಲಿದ್ದವರು ಬೇರೆ ಯಾರೋ ಆಗಿದ್ದರು.

ನಾನು ಈ ಭಾಗದ ಅಂಗಡಿಗಳಿಗೆ ಫೋಟೋ ಎಡಿಟಿಂಗ್ ಮಾಡಿಕೊಡುವವನು. ಹಿರಿಯರನ್ನು ಕಾಕಾ ಅಂತ ಕರೆಯುತ್ತೇನೆ. ಇಡೀ ಚಾಟ್ ಅವರ ಮೊಬೈಲ್‌ನಲ್ಲಿ ಹಾಗೇ ಇತ್ತು. ಹಾಗಾಗಿ ಎಲ್ಲಿ ಏನಾಯಿತು ಅಂತ ಮೊದಲಿಂದ ಕೊನೆವರೆಗೆ ನೋಡಲು ಸಾಧ್ಯವಾಯಿತು. ಬಟ್ಟೆ ಬದಲಿಸುವ ಎಡಿಟ್‌ನಲ್ಲಿ ಈ ಜಾರುವಿಕೆ ಹೇಗೆ ಶುರುವಾಗುತ್ತೆ, ಎಲ್ಲಿ ನಿಲ್ಲಿಸಬೇಕು ಅನ್ನುವುದು ಇಷ್ಟು ಸ್ಪಷ್ಟವಾಗಿ ಸಿಗುವುದು ಕಡಿಮೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಮೂಲ ಫೋಟೋ

ಮೊಬೈಲ್‌ನಲ್ಲಿ ತೆಗೆದದ್ದು, 3000 × 4000 ಪಿಕ್ಸೆಲ್. ಮನೆಯ ಪಡಸಾಲೆ, ಬಾಗಿಲಿಂದ ಬರುವ ಹಗಲ ಬೆಳಕು. ತಲೆಯಿಂದ ಕಾಲಿನವರೆಗೆ ಪೂರ್ತಿ ನಿಲುವು. ಸಾದಾ ಕೆನೆಬಣ್ಣದ ಸೀರೆ, ಕುಂಕುಮ ಬಣ್ಣದ ಬ್ಲೌಸ್, ಬಲಗೈ ಕಟ್ಟಿಗೆಯ ಕಂಬದ ಮೇಲೆ. ಸೊಸೆಯವರದು ಗೋಧಿಗಿಂತ ಒಂದಿಷ್ಟು ಗಾಢವಾದ ಬಣ್ಣ. ಎಡಗಣ್ಣಿನ ಕೆಳಗೆ ಸಣ್ಣ ಮಚ್ಚೆ ಇದೆ. ಮೂಗುಬೊಟ್ಟು ಇದೆ. ನಕ್ಕರೆ ಒಂದು ಕಡೆ ತುಟಿ ಸ್ವಲ್ಪ ಜಾಸ್ತಿ ಮೇಲೇಳುತ್ತೆ. ಈ ಮೂರು ಗುರುತುಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ. ಕಂಬದ ಮೇಲೆ ಕೆತ್ತನೆಯ ಒಂದು ಪಟ್ಟಿ ಇದೆ, ಅದೂ ಬೇಕಾಗುತ್ತೆ.

ಚಾಟ್‌ನಲ್ಲಿ ನಡೆದದ್ದು

ಮೊದಲ ಮಾತು: ನೀಲಿ ಇಳಕಲ್ ಸೀರೆ, ಕೆಂಪು ಸೆರಗು. ಬಂದ ಚಿತ್ರ ಚೆನ್ನಾಗಿತ್ತು. ಮುಖ ಅವರದೇ. ಮನೆಯವರೆಲ್ಲ ಮೆಚ್ಚಿದರು.

ಎರಡನೆಯದು: ಇದನ್ನೇ ಹಸಿರು ಮಾಡು, ದಡಿ ಕೆಂಪು ಇರಲಿ. ಬಂತು. ಈ ಚಿತ್ರದಲ್ಲಿ ಮಚ್ಚೆ ಮಸುಕಾಗಿತ್ತು. ಆಗ ಯಾರೂ ನೋಡಲಿಲ್ಲ.

ಮೂರನೆಯದು: ಗುಳೇದಗುಡ್ಡ ಖಣದ ಬ್ಲೌಸ್ ಹಾಕು. ಬ್ಲೌಸ್ ಬದಲಾಯಿತು. ಮಚ್ಚೆ ಪೂರ್ತಿ ಹೋಯಿತು. ಗದ್ದ ಒಂದು ಕೂದಲೆಳೆಯಷ್ಟು ಕಿರಿದಾಯಿತು.

ನಾಲ್ಕನೆಯದರಲ್ಲಿ ಸೆರಗು ಬಿಡಿಸಿ ಕೈ ಮೇಲೆ ಹಾಕಲು ಹೇಳಿದರು. ದೊಡ್ಡ ಪೆಟ್ಟು ಬಿದ್ದದ್ದು ಇಲ್ಲಿ. ಸೆರಗು ಕೈ ಮೇಲೆ ಬರಬೇಕೆಂದರೆ ಕೈ ಹೊಸದಾಗಿ ಬರೆಯಬೇಕು, ಭುಜ ಬದಲಾಗಬೇಕು, ಕುತ್ತಿಗೆಯ ನೆರಳು ಬದಲಾಗಬೇಕು. ಚೌಕಟ್ಟು ಕೂಡ ಸ್ವಲ್ಪ ಹತ್ತಿರ ಬಂತು. ಕಂಬದ ಕೆತ್ತನೆ ಪಟ್ಟಿ ಮೊದಲು ಭುಜದ ನೇರಕ್ಕಿತ್ತು, ಈಗ ಕಿವಿಯ ನೇರಕ್ಕೆ ಹೋಗಿತ್ತು. ಮೈಬಣ್ಣ ಕಣ್ಣಿಗೆ ಕಾಣುವಷ್ಟು ತಿಳಿಯಾಯಿತು.

ಐದನೆಯದು ಕಪ್ಪು ಚಂದ್ರಕಾಳಿ ಸೀರೆ. ಮೂಗುಬೊಟ್ಟು ಮಾಯ. ಖಣದ ಬ್ಲೌಸ್ ತೆಗೆಯಿರಿ ಅಂದಿದ್ದರೂ ತೋಳಿನ ಅಂಚಿನಲ್ಲಿ ಖಣದ ಬುಟ್ಟಾ ಹಾಗೇ ಉಳಿದಿತ್ತು. ಆರನೆಯದು ಕಸೂತಿ ಹಾಕಿದ ದಾಳಿಂಬೆ ಬಣ್ಣದ ಸೀರೆ. ಅದರಲ್ಲಿ ಕಣ್ಣು ದೊಡ್ಡದು, ಚರ್ಮ ನುಣ್ಣಗೆ, ನಗು ಎರಡೂ ಕಡೆ ಸಮ. ಚೆಂದದ ಚಿತ್ರವೇ. ಆದರೆ ಧಾರಾವಾಹಿಯ ಯಾವುದೋ ನಟಿಯ ಹಾಗೆ.

ಗ್ರೂಪಿಗೆ ಹಾಕಿದ ಮೇಲೆ ಸಂಬಂಧಿಕರೊಬ್ಬರು ಇದ್ಯಾರು ಅಂತ ಕೇಳಿದರು. ಸೊಸೆಯವರೂ ನೋಡಿ, "ಮಾವಾರ, ಇದು ನಾ ಅಲ್ಲರೀ. ನನ್ನ ಬೆಳ್ಳಗ ಮಾಡಿಬಿಟ್ಟಾರ" ಅಂದರು. ಅವರಿಗೆ ಬೇಜಾರಾಗಿತ್ತು, ಅದು ಸರಿಯಾದ ಬೇಜಾರೇ. ಒಪ್ಪಿಗೆ ಕೊಟ್ಟದ್ದು ತಮ್ಮ ಮುಖ ತೋರಿಸಲು. ಮುಖ ಬದಲಿಸಲು ಅಲ್ಲ.

ಆರು ಸಲವೂ ಕಾಕಾ ಚಿತ್ರವನ್ನು ನೋಡದೆ ಮುಂದೆ ಹೋಗಿರಲಿಲ್ಲ. ಪ್ರತಿ ಸಲ ಹಿಂದಿನ ಚಿತ್ರದ ಜೊತೆ ಹೋಲಿಸಿ ನೋಡಿದ್ದರು. ಎರಡನೆಯದಕ್ಕೂ ಮೂರನೆಯದಕ್ಕೂ ವ್ಯತ್ಯಾಸ ತೀರಾ ಸಣ್ಣದು. ನಾಲ್ಕಕ್ಕೂ ಐದಕ್ಕೂ ಹಾಗೇ. ಆರನೆಯದನ್ನು ಮೂಲ ಫೋಟೋದ ಪಕ್ಕ ಇಟ್ಟಾಗ ಮಾತ್ರ ಎರಡು ಬೇರೆ ಮನುಷ್ಯರು ಅಂತ ಗೊತ್ತಾಗುತ್ತೆ. ಜಾರುವಿಕೆ ಕಣ್ಣು ತಪ್ಪಿಸುವುದು ಹೀಗೇ.

ಯಾಕೆ ಹೀಗಾಗುತ್ತೆ

ಸೀರೆ ಬದಲಿಸು ಅಂದರೆ ಆ್ಯಪ್ ಸೀರೆಯ ಜಾಗವನ್ನಷ್ಟೇ ಕತ್ತರಿಸಿ ಹೊಸದನ್ನು ಅಂಟಿಸುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ಇಂಥ ಆ್ಯಪ್‌ಗಳ ಒಳಗೆ ಚಿತ್ರ ಬರೆಯುವ ಎಐ ಮಾದರಿಗಳಲ್ಲಿ ಹೆಚ್ಚಿನವು ಹಾಗೆ ಕೆಲಸ ಮಾಡುವುದಿಲ್ಲ. ಅವು ಇಡೀ ಚಿತ್ರವನ್ನು ಹೊಸದಾಗಿ ಬರೆಯುತ್ತವೆ. ಹಿಂದಿನ ಚಿತ್ರವನ್ನು ಮುಂದಿಟ್ಟುಕೊಂಡು ಮುಖ, ಕಂಬ, ಗೋಡೆ, ಎಲ್ಲವನ್ನೂ ಮತ್ತೆ ಬರೆಯುತ್ತವೆ. ಹೆಚ್ಚು ಕಡಿಮೆ ಹಾಗೇ ಬರುತ್ತೆ, ಆದರೆ ಅದೇ ಪಿಕ್ಸೆಲ್ ಅಲ್ಲ.

ಹಾಗೆ ಬರೆಯುವ ಮೊದಲು ಚಿತ್ರವನ್ನು ಕುಗ್ಗಿಸಲಾಗುತ್ತೆ. ಸ್ಟೇಬಲ್ ಡಿಫ್ಯೂಷನ್, ಫ್ಲಕ್ಸ್ ಥರದ ಮಾದರಿಗಳಲ್ಲಿ ಉದ್ದ ಅಗಲ ಎರಡರಲ್ಲೂ 8 ಪಟ್ಟು ಕುಗ್ಗುತ್ತೆ. ಅಂದರೆ 8 × 8 ಪಿಕ್ಸೆಲ್‌ನ ಒಂದು ತುಂಡು ಚೌಕುಳಿಯ ಒಂದು ಮನೆಯಲ್ಲಿ ಕೂರಬೇಕು. ಇದರ ಅರ್ಥ ಈ ಫೋಟೋದಲ್ಲಿ ಏನು ಅಂತ ಲೆಕ್ಕ ಹಾಕೋಣ. ಮೂಲದಲ್ಲಿ ಎತ್ತರ 4000 ಪಿಕ್ಸೆಲ್, ಪೂರ್ತಿ ನಿಲುವಾದ್ದರಿಂದ ತಲೆಯ ಎತ್ತರ ಸುಮಾರು 450. ಆ್ಯಪ್ ಹೊರಗೆ ಕೊಟ್ಟ ಚಿತ್ರ ಸುಮಾರು 1 ಮೆಗಾಪಿಕ್ಸೆಲ್, ಎತ್ತರ 1200ರ ಆಸುಪಾಸು. ಅದರಲ್ಲಿ ತಲೆ 135 ಪಿಕ್ಸೆಲ್. 8 ಪಟ್ಟು ಕುಗ್ಗಿದರೆ 17 ಮನೆ. ಒಂದು ಕಣ್ಣಿಗೆ ಸಿಗುವುದು ಅಡ್ಡಕ್ಕೆ ಎರಡೋ ಮೂರೋ ಮನೆ. ಮಚ್ಚೆಗೆ ಒಂದು ಮನೆಯೂ ಪೂರ್ತಿ ಇಲ್ಲ.

ಇಷ್ಟು ಕಡಿಮೆ ಜಾಗದಲ್ಲಿ ಇಲ್ಲದ ವಿವರವನ್ನು ಮಾದರಿ ತನ್ನ ರೂಢಿಯಿಂದ ತುಂಬುತ್ತೆ. ರೂಢಿ ಅಂದರೆ ಅದು ಕಲಿತ ಕೋಟ್ಯಂತರ ಚಿತ್ರಗಳು. ಈ ಚಾಟ್‌ನಲ್ಲಿ ಆ ರೂಢಿ ಎಳೆದದ್ದು ನುಣುಪಾದ ಚರ್ಮ, ತಿಳಿ ಬಣ್ಣ, ದೊಡ್ಡ ಕಣ್ಣು, ಸಮವಾದ ನಗುವಿನ ಕಡೆಗೆ. ಪ್ರತಿ ಸಲವೂ ಅದೇ ದಿಕ್ಕು. ತಪ್ಪುಗಳು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಆಗಿದ್ದರೆ ಒಂದನ್ನೊಂದು ಸ್ವಲ್ಪ ಹೊಡೆದುಹಾಕುತ್ತಿದ್ದವು. ಒಂದೇ ದಿಕ್ಕಿನವಾದ್ದರಿಂದ ಕೂಡುತ್ತಾ ಹೋದವು. ಮೂರನೆಯ ಚಿತ್ರಕ್ಕೆ ಎರಡನೆಯದೇ ಸತ್ಯ. ಎರಡನೆಯದರಲ್ಲಿ ಮಚ್ಚೆ ಮಸುಕಾಗಿದ್ದರೆ, ಮೂರನೆಯದಕ್ಕೆ ಅದು ಚರ್ಮದ ಮೇಲಿನ ಕಲೆ, ತೆಗೆದರೂ ನಡೆಯುತ್ತೆ.

ಟೇಲರ್ ಹತ್ತಿರ ಅಳತೆ ಬ್ಲೌಸ್ ಕೊಡುತ್ತೇವಲ್ಲ, ಹಾಗೆ ಯೋಚಿಸಿ. ಪ್ರತಿ ಸಲವೂ ಅದೇ ಅಳತೆ ಬ್ಲೌಸ್ ಕೊಟ್ಟರೆ ಹತ್ತು ಬ್ಲೌಸ್ ಹೊಲಿಸಿದರೂ ಪ್ರತಿಯೊಂದರಲ್ಲಿ ಕಾಲು ಇಂಚಿನ ಹೆಚ್ಚು ಕಡಿಮೆ ಅಷ್ಟೇ. ಹೊಸದಾಗಿ ಹೊಲಿದದ್ದನ್ನೇ ಮುಂದಿನದಕ್ಕೆ ಅಳತೆಯಾಗಿ ಕೊಡುತ್ತಾ ಹೋದರೆ ಆ ಕಾಲು ಇಂಚುಗಳು ಸೇರಿಕೊಂಡು, ಕೊನೆಯ ಬ್ಲೌಸ್ ತೋಳಿಗೆ ಏರುವುದಿಲ್ಲ.

ಇದು ಒಂದು ಆ್ಯಪ್‌ನ ದೋಷವಲ್ಲ. 2025ರಲ್ಲಿ ಬಂದ ಫ್ಲಕ್ಸ್ ಕಾಂಟೆಕ್ಸ್ಟ್ ಮಾದರಿಯನ್ನು ಮಾಡಿದ ಬ್ಲ್ಯಾಕ್ ಫಾರೆಸ್ಟ್ ಲ್ಯಾಬ್ಸ್ ತಂಡ, ಎಡಿಟ್ ಮೇಲೆ ಎಡಿಟ್ ಮಾಡುತ್ತಾ ಹೋದಂತೆ ಮುಖದ ಹೋಲಿಕೆ ಎಷ್ಟು ಇಳಿಯುತ್ತೆ ಅಂತ ತಮ್ಮ ಪ್ರಬಂಧದಲ್ಲೇ ಅಳೆದು ತೋರಿಸಿದೆ. ತಮ್ಮದು ನಿಧಾನವಾಗಿ ಇಳಿಯುತ್ತೆ ಅಂತ ಹೇಳಿಕೊಂಡರೂ, ಸಾಲು ಸಾಲು ಎಡಿಟ್ ಮಾಡಿದರೆ ಚಿತ್ರ ಕೆಡುತ್ತೆ ಅನ್ನುವುದನ್ನು ಮಿತಿಗಳ ಪಟ್ಟಿಯಲ್ಲಿ ಹಾಕಿದೆ. ಒಂದು ಮಾದರಿಯಲ್ಲಿ ಬೇಗ, ಇನ್ನೊಂದರಲ್ಲಿ ತಡವಾಗಿ ಆಗಬಹುದು.

ಈ ಪ್ರಕರಣದಲ್ಲಿ ಇನ್ನೊಂದು ನಷ್ಟವೂ ಸೇರಿತ್ತು. ಮೂರನೆಯ ಚಿತ್ರವನ್ನು ಕಾಕಾ ಮನೆಯ ಗ್ರೂಪಿಗೆ ಕಳಿಸಿ, ಮಾರನೆಯ ದಿನ ಅಲ್ಲಿಂದಲೇ ಇಳಿಸಿಕೊಂಡು ಚಾಟ್‌ಗೆ ಮತ್ತೆ ಹಾಕಿದ್ದರು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತೆ. ನಾಲ್ಕನೆಯ ಹೆಜ್ಜೆಯಲ್ಲಿ ಅಷ್ಟು ಜೋರಾಗಿ ಜಾರಲು ಸೆರಗಿನ ಜೊತೆ ಇದೂ ಒಂದು ಕಾರಣ. ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ಫೈಲ್ ಹಾಗೇ ಇರುತ್ತಿತ್ತು.

ಅದೇ ಚಾಟ್‌ನಲ್ಲಿ ಸರಿಮಾಡಲು ಹೊರಟಾಗ

ಸೊಸೆಯವರು ಬೇಜಾರು ಮಾಡಿಕೊಂಡ ಮೇಲೆ ಕಾಕಾ ಅದೇ ಚಾಟ್‌ನಲ್ಲಿ, ಮುಖ ಮೊದಲಿನ ಹಾಗೆ ಮಾಡು ಅಂತ ಬರೆದರು. ಎಲ್ಲರೂ ಸಹಜವಾಗಿ ಮಾಡುವುದೇ ಇದು. ಬಂದ ಚಿತ್ರದಲ್ಲಿ ಮುಖ ಇನ್ನೊಂದಿಷ್ಟು ಬದಲಾಗಿತ್ತು. ಆಮೇಲೆ, ಎಡಗಣ್ಣಿನ ಕೆಳಗೆ ಮಚ್ಚೆ ಹಾಕು ಅಂದರು. ಮಚ್ಚೆ ಬಂತು, ಕೆನ್ನೆಯ ನಡುವೆ, ಕಾಡಿಗೆ ಬೊಟ್ಟಿನಷ್ಟು ದಪ್ಪಗೆ. ಬಣ್ಣ ಸ್ವಲ್ಪ ಕಂದು ಮಾಡು ಅಂದರು. ಮುಖದ ಜೊತೆ ಗೋಡೆಯೂ ಕಂದಾಯಿತು.

ಇಲ್ಲಿ ಆಗಿದ್ದೇನು ಅಂದರೆ, ಚಿತ್ರದಲ್ಲಿದ್ದ ವಿವರ ಕಳೆದುಹೋದ ಮೇಲೆ ಅದನ್ನು ಮಾತಿನಿಂದ ವಾಪಸ್ ತರಲು ಹೊರಟಿದ್ದು. ಮಚ್ಚೆ ಅನ್ನುವ ಮಾತಿಗೆ ಮಾದರಿ ಒಂದು ಮಚ್ಚೆಯನ್ನು ಬರೆಯುತ್ತೆ. ಈ ಹೆಣ್ಣುಮಗಳ ಮಚ್ಚೆಯನ್ನಲ್ಲ. ಆ ಮಚ್ಚೆ ಇರುವುದು ಮೂಲ ಫೋಟೋದಲ್ಲಿ ಮಾತ್ರ. ಮುಖದ ವಿಷಯದಲ್ಲಿ ಇದು ಇನ್ನೂ ನಿಜ. ಒಬ್ಬರ ಮುಖವನ್ನು ಅವರ ಮುಖ ಮಾಡುವ ಅಳತೆಗಳನ್ನು ಮಾತಿನಲ್ಲಿ ಹೇಳಲು ಆಗುವುದಿಲ್ಲ.

ಮೂಲ ಫೋಟೋವನ್ನೇ ಅದೇ ಚಾಟ್‌ಗೆ ಮತ್ತೆ ಹಾಕಿದರೆ? ಕಾಕಾ ಅದನ್ನೂ ಮಾಡಿದ್ದರು. ಮುಖ ಸುಮಾರು ಸರಿಹೋಯಿತು, ಆದರೆ ತೋಳಿನಲ್ಲಿ ಖಣದ ಬುಟ್ಟಾ ಮತ್ತೆ ಬಂತು. ಚೌಕಟ್ಟೂ ಹತ್ತಿರ ಬಂದದ್ದೇ ಉಳಿಯಿತು. ಚಾಟ್‌ನಲ್ಲಿ ಹಿಂದಿನ ಮಾತುಗಳು, ಹಿಂದಿನ ಚಿತ್ರಗಳು ಎಲ್ಲಾ ಮಾದರಿಯ ಕಣ್ಣ ಮುಂದೆಯೇ ಇರುತ್ತವೆ. ಹಳೆಯದು ಹೊಸದರೊಳಗೆ ನುಸುಳುತ್ತೆ. ಹಾಗಾಗಿ ಮೂಲಕ್ಕೆ ಮರಳುವುದು ಅಂದರೆ ಎರಡನ್ನೂ ಹೊಸದು ಮಾಡುವುದು: ಮೂಲ ಫೋಟೋ, ಖಾಲಿ ಚಾಟ್.

ಜಾರಿದೆ ಅಂತ ತಿಳಿಯುವುದು ಹೇಗೆ

ನಾನು ಮಾಡುವ ಮೊದಲ ಪರೀಕ್ಷೆಗೆ ಮೊಬೈಲ್ ಗ್ಯಾಲರಿ ಸಾಕು. ಮೂಲ ಫೋಟೋ ಮತ್ತು ಹೊಸ ಚಿತ್ರ ಎರಡನ್ನೂ ಮುಖದ ಸುತ್ತ ಒಂದೇ ಅಳತೆಗೆ ಕತ್ತರಿಸಿ, ಒಂದರ ಹಿಂದೊಂದು ಉಳಿಸಿ, ಬೆರಳಿಂದ ಆಚೆ ಈಚೆ ಸರಿಸುತ್ತಾ ನೋಡುತ್ತೇನೆ. ಪಕ್ಕಪಕ್ಕ ಇಟ್ಟು ನೋಡಿದಾಗ ಕಾಣದ್ದು ಹೀಗೆ ಒಂದರ ಜಾಗದಲ್ಲಿ ಇನ್ನೊಂದು ಬಂದಾಗ ಕಾಣುತ್ತೆ. ಗದ್ದ ಒಳಗೆ ಹೋಗಿದ್ದರೆ ಅದು ಅಲುಗಿದ ಹಾಗೆ ಆಗುತ್ತೆ. ಕಣ್ಣು ದೊಡ್ಡದಾಗಿದ್ದರೆ ಮಿಟುಕಿದ ಹಾಗೆ. ಹೋಲಿಕೆ ಯಾವಾಗಲೂ ಮೂಲದ ಜೊತೆ, ಹಿಂದಿನ ಚಿತ್ರದ ಜೊತೆ ಅಲ್ಲ.

ಎರಡನೆಯದು ಗುರುತುಗಳು. ಕೆಲಸ ಶುರುವಾಗುವ ಮೊದಲೇ ಆ ಮುಖದ ಮೂರು ನಾಲ್ಕು ಗುರುತು ಬರೆದಿಟ್ಟುಕೊಳ್ಳಬೇಕು. ಮೊದಲು ಹೋಗುವುದು ತೀರಾ ಸಣ್ಣವು: ಮಚ್ಚೆ, ಗಾಯದ ಗೆರೆ, ಹುಬ್ಬಿನ ನಡುವಿನ ಬಿಟ್ಟ ಜಾಗ. ಆಮೇಲೆ ಒಡವೆ. ಆಮೇಲೆ ಎಡ ಬಲದ ವ್ಯತ್ಯಾಸ, ಅಂದರೆ ಒಂದು ಕಡೆ ಏರುವ ತುಟಿ, ಒಂದು ಸ್ವಲ್ಪ ಸಣ್ಣ ಕಣ್ಣು. ಮುಖದ ಆಕಾರ ಪೂರ್ತಿ ಹೋಗುವುದು ಕೊನೆಗೆ, ಅಷ್ಟರಲ್ಲಿ ಕಾಲ ಮಿಂಚಿರುತ್ತೆ. ಈ ಚಾಟ್‌ನಲ್ಲಿ ಎರಡನೆಯ ಚಿತ್ರದಲ್ಲೇ ಮಚ್ಚೆ ಎಚ್ಚರಿಕೆ ಕೊಟ್ಟಿತ್ತು.

ಬಣ್ಣಕ್ಕೆ ಕಣ್ಣನ್ನು ನಂಬಬಾರದು. ಪಕ್ಕದಲ್ಲಿ ಕಪ್ಪು ಸೀರೆ ಇದ್ದರೆ ಮುಖ ಬೆಳ್ಳಗೆ ಕಾಣುವುದು ಸಹಜ, ಅಲ್ವಾ? ಅದಕ್ಕೇ ಯಾವುದಾದರೂ ಎಡಿಟರ್‌ನಲ್ಲಿ ಕಲರ್ ಪಿಕ್ಕರ್ ಹಿಡಿದು ಹಣೆಯ ಒಂದೇ ಜಾಗದಲ್ಲಿ ಎರಡರ ಅಂಕಿ ನೋಡಬೇಕು. ಹಾಗೇ ಬದಲಾಗಬಾರದ ಇನ್ನೊಂದು ಜಾಗ, ಇಲ್ಲಿ ಕಂಬ, ಅದರ ಅಂಕಿಯೂ ನೋಡಬೇಕು. ಆರನೆಯ ಚಿತ್ರದಲ್ಲಿ ಕಂಬದ ಬಣ್ಣ ಹೆಚ್ಚು ಕಡಿಮೆ ಅಷ್ಟೇ ಇತ್ತು. ಹಣೆಯಲ್ಲಿ ಕೆಂಪು, ಹಸಿರು, ನೀಲಿ ಮೂರೂ ಅಂಕಿ ಏರಿದ್ದವು. ಬೆಳಕು ಬದಲಾಗಿಲ್ಲ, ಚರ್ಮವೇ ಬದಲಾಗಿದೆ ಅಂತ ಖಾತ್ರಿಯಾದದ್ದು ಇದರಿಂದ. ಕಂಬವೂ ಹಣೆಯೂ ಒಟ್ಟಿಗೆ ಹಳದಿಗೆ ತಿರುಗಿದ್ದರೆ ಅದು ಇಡೀ ಚಿತ್ರದ ಬಣ್ಣದ ಜಾರುವಿಕೆ, ಅದನ್ನು ಎಡಿಟರ್‌ನಲ್ಲೇ ಸರಿಮಾಡಬಹುದು. ಚರ್ಮ ಮಾತ್ರ ಬದಲಾಗಿದ್ದರೆ ಮಾಡಬಾರದು, ಮೂಲಕ್ಕೆ ಹೋಗಬೇಕು. ಯಾಕಂದರೆ ಅದರ ಜೊತೆ ಮುಖದ ವಿವರವೂ ಹೋಗಿರುತ್ತೆ.

ಕಂಬದ ಕೆತ್ತನೆ ಪಟ್ಟಿಯಂಥ ಒಂದು ಗುರುತು ಹಿನ್ನೆಲೆಯಲ್ಲಿ ಇರಲೇಬೇಕು. ಅದು ಸರಿದಿದ್ದರೆ ಚೌಕಟ್ಟು ಸರಿದಿದೆ ಅಂತ ಅರ್ಥ. ಚೌಕಟ್ಟು ಸರಿದಿದ್ದರೆ ಮುಖವೂ ಬೇರೆ ಅಳತೆಯಲ್ಲಿ ಹೊಸದಾಗಿ ಬಂದಿದೆ.

ಮತ್ತೆ ಮಾಡಿದ್ದು ಹೇಗೆ

ಆರು ಚಿತ್ರಗಳನ್ನು ಕಾಕಾ ಒಂದು ಸರಪಳಿ ಮಾಡಿದ್ದರು. ಅವು ಸರಪಳಿಯಲ್ಲ. ಹಸಿರು ಸೀರೆಗೂ ನೀಲಿ ಸೀರೆಗೂ ಸಂಬಂಧವಿಲ್ಲ. ಒಂದೇ ಬೇರಿಂದ ಹೊರಟ ಆರು ಕೊಂಬೆಗಳು. ಹಾಗಾಗಿ ಆರು ಖಾಲಿ ಚಾಟ್, ಆರರಲ್ಲೂ ಅದೇ ಮೂಲ ಫೋಟೋ. ಒಂದರ ಮೇಲೊಂದು ಕೂರಬೇಕಾದ್ದು ಒಂದು ಕೊಂಬೆಯೊಳಗಿನ ಕೆಲಸ ಮಾತ್ರ: ಆ ಸೀರೆಯ ದಡಿ ಅಗಲ ಮಾಡು, ಆ ಸೀರೆಯ ಸೆರಗು ಬಿಡಿಸು. ಅದನ್ನೂ ಆದಷ್ಟು ಮೊದಲ ಮಾತಿನಲ್ಲೇ ಸೇರಿಸಿದೆ.

ಅದಕ್ಕೂ ಮೊದಲು ಮೂಲ ಫೋಟೋವನ್ನೇ ಬದಲಿಸಿದೆ. ಅದೇ ಕಂಬ, ಅದೇ ಬೆಳಕು, ಆದರೆ ಮೊಣಕಾಲಿನವರೆಗೆ ಮಾತ್ರ ಬರುವಂತೆ ಹತ್ತಿರದಿಂದ. ಇದರಿಂದ ಚಿತ್ರದಲ್ಲಿ ತಲೆಗೆ 135 ಪಿಕ್ಸೆಲ್ ಬದಲು 200ರ ಹತ್ತಿರ ಸಿಕ್ಕಿತು. ಆ್ಯಪ್ ಕೊಡುವ ಚಿತ್ರದ ಆಕಾರ 3:4 ಆದ್ದರಿಂದ ಫೋಟೋವನ್ನೂ 3:4ಕ್ಕೇ ಕತ್ತರಿಸಿದೆ. ಆಕಾರ ಬೇರೆಯಾದರೆ ಅದು ಅಂಚನ್ನು ತುಂಬಲೋ ಕತ್ತರಿಸಲೋ ಹೋಗಿ ಚೌಕಟ್ಟನ್ನು ಸರಿಸುತ್ತೆ. ಸೊಸೆಯವರು ಸೆರಗನ್ನು ನಿಜವಾಗಿಯೇ ಕೈ ಮೇಲೆ ಹಾಕಿಕೊಂಡ ಇನ್ನೊಂದು ಫೋಟೋವನ್ನೂ ತೆಗೆದೆ. ನಾಲ್ಕನೆಯ ಹೆಜ್ಜೆಯ ಪೆಟ್ಟು ಬಿದ್ದದ್ದು ಕೈಯನ್ನು ಹೊಸದಾಗಿ ಬರೆದದ್ದರಿಂದ. ಭಂಗಿ ಬದಲಾಗಬೇಕಾದರೆ ಅದನ್ನು ಕ್ಯಾಮೆರಾ ಮುಂದೆ ಬದಲಿಸುವುದೇ ಸುಲಭ, ಅಗ್ಗ. ಬಟ್ಟೆ ಬದಲಿಸುವ ಕೆಲಸವನ್ನಷ್ಟೇ ಆ್ಯಪ್‌ಗೆ ಬಿಡಬೇಕು.

ಪ್ರತಿ ಚಾಟ್‌ಗೂ ಎರಡು ಫೋಟೋ ಹಾಕಿದೆ: ಒಂದು ಸೊಸೆಯವರದು, ಇನ್ನೊಂದು ಅಂಗಡಿಯಲ್ಲಿ ಹಾಸಿದ ನಿಜವಾದ ಸೀರೆ. ಹೇಳಿದ ಮಾತು ಹೆಚ್ಚು ಕಡಿಮೆ ಹೀಗಿತ್ತು:

"ಮೊದಲ ಫೋಟೋದಲ್ಲಿರುವ ಮಹಿಳೆಯ ಸೀರೆಯನ್ನು ಮಾತ್ರ ಬದಲಿಸು. ಎರಡನೆಯ ಫೋಟೋದ ಸೀರೆಯನ್ನು ಅದೇ ನೆರಿಗೆ, ಅದೇ ಸೆರಗಿನ ರೀತಿಯಲ್ಲಿ ಉಡಿಸು. ಬ್ಲೌಸ್ ಸಾದಾ ಕೆಂಪು. ಮುಖ, ಕೂದಲು, ಮೈಬಣ್ಣ, ಕೈ, ಒಡವೆ, ಕಂಬ, ಬೆಳಕು, ಚೌಕಟ್ಟು ಮೊದಲ ಫೋಟೋದಲ್ಲಿ ಇರುವ ಹಾಗೇ ಇರಲಿ."

ಮುಖ ಹೇಗಿದೆ ಅಂತ ಇದರಲ್ಲಿ ಒಂದು ಮಾತೂ ಇಲ್ಲ. ಬೇಕಂತಲೇ ಬಿಟ್ಟದ್ದು. ವರ್ಣಿಸಿದರೆ ಮಾದರಿ ಆ ವರ್ಣನೆಯಂತೆ ಒಂದು ಮುಖ ಬರೆಯಲು ಹೋಗುತ್ತೆ. ಫೋಟೋ ಕಡೆ ಕೈ ತೋರಿಸಿ, ಅಲ್ಲಿರುವ ಹಾಗೆ ಅನ್ನುವುದೇ ಸಾಕು.

ನೀಲಿ, ಹಸಿರು ಎರಡೂ ಮೊದಲ ಸಲಕ್ಕೇ ಬಂದವು. ಮಚ್ಚೆ ಇತ್ತು, ಮೂಗುಬೊಟ್ಟು ಇತ್ತು. ಖಣದ ಬ್ಲೌಸಿನ ಚಿತ್ರದಲ್ಲಿ ತೋಳು ಮೊಣಕೈವರೆಗೆ ಉದ್ದವಾಗಿ ಬಂತು. ಇಲ್ಲಿ ತೋಳು ಗಿಡ್ಡ ಮಾಡು ಅಂತ ಮುಂದಿನ ಮಾತು ಸೇರಿಸಬಹುದಿತ್ತು. ಹಾಗೆ ಮಾಡಲಿಲ್ಲ. ಆ ಚಿತ್ರವನ್ನು ಬಿಟ್ಟು, ಮೊದಲ ಮಾತನ್ನೇ ತಿದ್ದಿ, ಬ್ಲೌಸ್ ತೋಳು ಮೂಲ ಫೋಟೋದಷ್ಟೇ ಉದ್ದ ಅಂತ ಸೇರಿಸಿ ಮತ್ತೆ ಕೊಟ್ಟೆ. ತಪ್ಪಿನಿಂದ ಕಲಿತದ್ದು ಮಾತಿಗೆ ಸೇರಲಿ, ತಪ್ಪಾದ ಚಿತ್ರ ಮುಂದಿನದಕ್ಕೆ ತಳಪಾಯ ಆಗಬಾರದು. ಹೀಗೆ ಮಾಡಿದರೆ ಎಷ್ಟು ಸಲ ತಿದ್ದಿದರೂ ಕೈಗೆ ಬರುವ ಚಿತ್ರ ಮೂಲದಿಂದ ಒಂದೇ ಹೆಜ್ಜೆ ದೂರದಲ್ಲಿರುತ್ತೆ.

ಕಸೂತಿಯ ದಾಳಿಂಬೆ ಸೀರೆ ಬೇರೆ ಪಾಠ ಕಲಿಸಿತು. ಹಳೆಯ ಚಾಟ್‌ನ ಆರನೆಯ ಚಿತ್ರದಲ್ಲಿ ಮುಖ ಕೆಟ್ಟಿದ್ದರೂ ಸೀರೆಯ ಬೀಳು ತುಂಬಾ ಚೆಂದ ಬಂದಿತ್ತು. ಅದು ಬೇಕೇ ಬೇಕು ಅಂತ ಕಾಕಾ ಹಟ ಹಿಡಿದರು. "ತಮ್ಮಾ, ಅಂಥಾ ನೆರಿಗಿ ಮತ್ತ ಬರಂಗಿಲ್ಲ" ಅಂದರು. ಅವರ ಮಾತು ನಿಜ. ಮೂಲದಿಂದ ಮತ್ತೆ ಶುರುಮಾಡಿದರೆ ಅದೇ ಬೀಳು ಬರುವ ಭರವಸೆ ಇಲ್ಲ. ಮರಳಿ ಶುರುಮಾಡುವುದರಲ್ಲಿ ಇರುವ ದೊಡ್ಡ ನಷ್ಟ ಇದೇ. ಆಗ ಆ ಚಿತ್ರವನ್ನು ಬಟ್ಟೆಯ ಮಾದರಿಯಾಗಿ ಬಳಸಿದೆ. ಅದರಲ್ಲಿ ಕುತ್ತಿಗೆಯ ಮೇಲಿನದನ್ನೆಲ್ಲ ಕತ್ತರಿಸಿ, ಸೀರೆ ಮಾತ್ರ ಉಳಿಯುವಂತೆ ಮಾಡಿ, ಖಾಲಿ ಚಾಟ್‌ನಲ್ಲಿ ಎರಡನೆಯ ಫೋಟೋ ಆಗಿ ಕೊಟ್ಟೆ. ತಲೆ ಕತ್ತರಿಸುವುದನ್ನು ಮರೆಯಬಾರದು. ಎರಡು ಫೋಟೋದಲ್ಲೂ ಮುಖ ಇದ್ದರೆ ಮಾದರಿ ಎರಡನ್ನೂ ಬೆರೆಸಬಹುದು. ಬೀಳು ಪೂರ್ತಿ ಅದೇ ಅಲ್ಲದಿದ್ದರೂ ಹತ್ತಿರ ಬಂತು, ಮುಖ ಸೊಸೆಯವರದೇ.

ಆ ಚಿತ್ರದಲ್ಲಿ ಮಚ್ಚೆ ಮಾತ್ರ ಮಸುಕಾಗಿತ್ತು. ಅಷ್ಟಕ್ಕೆ ಮತ್ತೆ ಶುರುಮಾಡದೆ ಬ್ರೌಸರ್‌ನಲ್ಲೇ ನಡೆಯುವ ಫೋಟೋಪಿಯಾ ಅನ್ನುವ ಎಡಿಟರ್‌ನಲ್ಲಿ ಮೂಲ ಮುಖವನ್ನೇ ಕೂರಿಸಿದೆ. ಹೊಸ ಚಿತ್ರ ಕೆಳಗಿನ ಲೇಯರ್, ಅದೇ ಅಳತೆಗೆ ತಂದ ಮೂಲ ಫೋಟೋ ಮೇಲಿನ ಲೇಯರ್. ಮೇಲಿನದನ್ನು ಸ್ವಲ್ಪ ಹೊತ್ತು `Difference` ಮೋಡ್‌ಗೆ ಹಾಕಿದರೆ ಹೊಂದಿದ ಜಾಗ ಕಪ್ಪಾಗುತ್ತೆ. ಕಣ್ಣು, ಮೂಗು ಕಪ್ಪಾಗುವವರೆಗೆ ಸರಿಸಿ, ಮೋಡ್ ವಾಪಸ್ `Normal` ಮಾಡಿ, ಮಾಸ್ಕ್ ಹಾಕಿ ಮುಖವನ್ನಷ್ಟೇ ಮೆತ್ತನೆಯ ಬ್ರಷ್‌ನಿಂದ ತೋರಿಸಿದೆ. ಸೇರುವ ಗೆರೆಯನ್ನು ಗದ್ದದ ಕೆಳಗಿನ ನೆರಳಿನಲ್ಲಿ ಇಟ್ಟರೆ ಕಾಣುವುದಿಲ್ಲ. ತಲೆಯ ಓರೆ ಎರಡರಲ್ಲೂ ಒಂದೇ ಇದ್ದರೆ ಮಾತ್ರ ಇದು ಸಾಧ್ಯ. ಸ್ವಲ್ಪ ತಿರುಗಿದ್ದರೂ ಕುತ್ತಿಗೆಗೆ ಮುಖವಾಡ ಅಂಟಿಸಿದ ಹಾಗೆ ಕಾಣುತ್ತೆ, ಆಗ ಮೂಲದಿಂದಲೇ ಮತ್ತೆ ಮಾಡಬೇಕು.

ಯಾವಾಗ ಮರಳಬೇಕು

ಹೊಸ ಬಟ್ಟೆ ಅಂದರೆ ಹೊಸ ಚಾಟ್, ಮೂಲ ಫೋಟೋ. ಇದರಲ್ಲಿ ನಾನು ಯಾವ ವಿನಾಯಿತಿಯನ್ನೂ ಇಟ್ಟುಕೊಂಡಿಲ್ಲ. ಅದೇ ಬಟ್ಟೆಯ ಸಣ್ಣ ತಿದ್ದುಪಡಿಗೆ ಒಂದು ಮಾತು, ಹೆಚ್ಚೆಂದರೆ ಎರಡು. ಅದೂ ಮುಖದಿಂದ ದೂರದ್ದಾದರೆ, ದಡಿ, ನೆರಿಗೆ, ಬಣ್ಣದಂಥದ್ದು. ಕೈ, ಕುತ್ತಿಗೆ, ಭುಜ ಮುಟ್ಟುವ ತಿದ್ದುಪಡಿಯಾದರೆ ಆ ಒಂದು ಮಾತೂ ಬೇಡ, ಮೊದಲ ಮಾತಿಗೇ ಸೇರಿಸಿ ಮತ್ತೆ ಶುರುಮಾಡಿ. ಒಂದು ಗುರುತು ಕಾಣೆಯಾದ ಕೂಡಲೇ ನಿಲ್ಲಿಸಿ, ಅದು ಎಷ್ಟೇ ಸಣ್ಣದಾಗಿರಲಿ. ಮುಖದ ಬಗ್ಗೆ ಚಾಟ್‌ನಲ್ಲಿ ಏನಾದರೂ ಟೈಪ್ ಮಾಡಬೇಕು ಅನ್ನಿಸಿದರೆ, ಅದೇ ಮರಳುವ ಹೊತ್ತು ಅಂತ ತಿಳಿಯಿರಿ.

ಮರಳಲು ಸುಲಭವಾಗಬೇಕಾದರೆ ಮೂಲ ಎಲ್ಲಿದೆ ಅಂತ ಗೊತ್ತಿರಬೇಕು. ಕಾಕಾನ ಮೊಬೈಲ್‌ನಲ್ಲಿ ಈಗ `mula.jpg` ಅಂತ ಒಂದೇ ಫೈಲ್ ಬೇರೆ ಫೋಲ್ಡರ್‌ನಲ್ಲಿದೆ, ಅದನ್ನು ಯಾರಿಗೂ ಕಳಿಸುವುದಿಲ್ಲ, ಅದರ ಮೇಲೆ ಏನನ್ನೂ ಮಾಡುವುದಿಲ್ಲ. ಬಂದ ಚಿತ್ರಗಳಿಗೆ `neeli-1`, `hasiru-1` ಅಂತ ಹೆಸರು. ಕೊನೆಯ ಅಂಕಿ ಮೂಲದಿಂದ ಎಷ್ಟು ಹೆಜ್ಜೆ ದೂರ ಅನ್ನುವುದನ್ನು ಹೇಳುತ್ತೆ. ಅಂಕಿ 3ನ್ನು ದಾಟಿದ ಫೈಲ್ ಗ್ರೂಪಿಗೆ ಹೋಗುವುದಿಲ್ಲ.

ಸೀರೆಯೂ ಜಾರುತ್ತೆ

ಮುಖ ಉಳಿಸಿಕೊಂಡ ಮೇಲೆ ಇನ್ನೊಂದು ವಿಷಯ ಉಳಿದಿತ್ತು. ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಹಣಿಗೆ, ತೋಪು ತೆನೆ ಅಂತ ಬಿಳಿ ಚಿತ್ತಾರಗಳು ಬರುತ್ತವೆ. ಮಾದರಿಗೆ ಅವು ಮುಖದ ಮಚ್ಚೆಯಷ್ಟೇ ಸಣ್ಣವು. ಎರಡನೆಯ ಫೋಟೋ ಆಗಿ ನಿಜವಾದ ಸೀರೆಯನ್ನು ಕೊಟ್ಟರೂ ಹಣಿಗೆಯ ಹಲ್ಲುಗಳು ಒಂದಕ್ಕೊಂದು ಅಂಟಿಕೊಂಡವು, ಬಿಳಿ ಪಟ್ಟಿಯ ಅಗಲ ಬದಲಾಯಿತು. ಚಂದ್ರಕಾಳಿಯ ಚಿತ್ರದಲ್ಲಂತೂ ನೇಕಾರರು ಎಂದೂ ನೇಯದ ಒಂದು ಹೂಬಳ್ಳಿ ದಡಿಯಲ್ಲಿ ಬಂತು. ಸೀರೆ ಗೊತ್ತಿರುವ ಗಿರಾಕಿ ಇದನ್ನು ನೋಡಿ ಅಂಗಡಿಯನ್ನೇ ಅನುಮಾನಿಸುತ್ತಾರೆ. ಗೊತ್ತಿಲ್ಲದವರು ಆರ್ಡರ್ ಮಾಡಿ, ಪಾರ್ಸಲ್ ಬಿಚ್ಚಿದಾಗ ಬೇರೆಯದೇ ಸೀರೆ ನೋಡುತ್ತಾರೆ.

ಮೂಲದಿಂದ ಮತ್ತೆ ಮತ್ತೆ ಶುರುಮಾಡಿದರೂ ಇದು ಪೂರ್ತಿ ಹೋಗಲಿಲ್ಲ. ಜಾರುವಿಕೆ ಕೂಡುತ್ತಾ ಹೋಗುವುದನ್ನು ಮರಳುವುದರಿಂದ ತಡೆಯಬಹುದು. ಒಂದೇ ಹೆಜ್ಜೆಯಲ್ಲಿ ಆಗುವ ನಷ್ಟವನ್ನು ತಡೆಯಲು ಆಗುವುದಿಲ್ಲ. ಕೊನೆಗೆ ತೀರ್ಮಾನ ಮಾಡಿದ್ದು ಹೀಗೆ: ಉಟ್ಟ ಚಿತ್ರದ ಜೊತೆ ಸೆರಗು, ದಡಿ ಎರಡರ ನಿಜವಾದ ಫೋಟೋವನ್ನೂ ಹತ್ತಿರದಿಂದ ತೆಗೆದು ಕಳಿಸುವುದು. ಕೆಳಗೆ, ಉಟ್ಟ ಚಿತ್ರ ಎಡಿಟ್ ಮಾಡಿದ್ದು, ಬಣ್ಣ ಮತ್ತು ನಿಲುವಿನ ಅಂದಾಜಿಗೆ ಮಾತ್ರ ಅಂತ ಬರೆಯುವುದು. ಚಂದ್ರಕಾಳಿಯನ್ನು ಆ್ಯಪ್‌ಗೆ ಕೊಡುವುದನ್ನೇ ಬಿಟ್ಟೆವು. ಸೊಸೆಯವರು ಅದನ್ನು ಉಟ್ಟುಕೊಂಡು ಅದೇ ಕಂಬದ ಪಕ್ಕ ನಿಂತರು, ಫೋಟೋ ತೆಗೆದು ಕಳಿಸಿದೆವು.